ನಷ್ಟವೂ ಫಿಫ್ಟಿ ಫಿಫ್ಟೀನಾ?

ಚಿತ್ರದುರ್ಗದಲ್ಲಿ ಮರದ ಗಾಣ ಹಾಕಬೇಕು ಅಂತ ಇಬ್ಬರು ಗೆಳೆಯರು ನನ್ನ ಆಫೀಸಿಗೆ ಬಂದಿದ್ದರು. ಒಬ್ಬರಿಗೆ ಗೊಬ್ಬರದಂಗಡಿ ಇದೆ. ಇನ್ನೊಬ್ಬರು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ವರ್ಷಗಟ್ಟಲೆ ದುಡಿದವರು, ಶೇಂಗಾ ಬೀಜವನ್ನು ಬೆರಳಲ್ಲಿ ಉಜ್ಜಿ ಎಣ್ಣೆ ಎಷ್ಟು ಬರುತ್ತೆ ಅಂತ ಅಂದಾಜು ಹೇಳಬಲ್ಲವರು. ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಅಂಗಡಿಯವರು 12 ಲಕ್ಷ ಹಾಕುತ್ತಾರೆ. ಮಿಲ್ಲಿನವರು 3 ಲಕ್ಷ ಹಾಕಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಗಾಣದ ಹತ್ತಿರ ಇರುತ್ತಾರೆ. ಮೊಬೈಲಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಒಂದು ಪಾರ್ಟ್ನರ್‌ಶಿಪ್ ಡೀಡ್ ತಂದಿದ್ದರು. ಅದರಲ್ಲಿ ಮುಖ್ಯವಾದ ಸಾಲು ಒಂದೇ: ಲಾಭ ನಷ್ಟ ಎರಡೂ ಸಮಪಾಲು. "ನಾವು ಚಿಕ್ಕಂದಿನಿಂದ ಹಂಗೇ ಸರ್, ಎಲ್ಲಾ ಫಿಫ್ಟಿ ಫಿಫ್ಟಿ" ಅಂದರು ಮಿಲ್ಲಿನವರು.

ನಾನು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಮೂರು ವರ್ಷ ಆದಮೇಲೆ ಗಾಣ ಮುಚ್ಚಿದಿರಿ ಅಂತ ಇಟ್ಟುಕೊಳ್ಳಿ. ಸಾಲ ತೀರಿಸಿ, ಮೆಷಿನ್ ಮಾರಿ, ಕೈಯಲ್ಲಿ ಉಳಿದದ್ದು 5 ಲಕ್ಷ. ಹಾಕಿದ್ದು 15 ಲಕ್ಷ, ಅಂದರೆ ನಷ್ಟ 10 ಲಕ್ಷ. ಸಮಪಾಲು ಅಂದರೆ ತಲಾ 5 ಲಕ್ಷ. ಅಂಗಡಿಯವರ 12ರಲ್ಲಿ 5 ಕಳೆದರೆ ಅವರಿಗೆ 7 ಲಕ್ಷ ವಾಪಸ್ ಬರಬೇಕು. ಮಿಲ್ಲಿನವರ 3ರಲ್ಲಿ 5 ಕಳೆಯುವುದು ಹೇಗೆ? ಅವರ ಬಂಡವಾಳ ಪೂರ್ತಿ ಹೋಗಿ, ಮೇಲಿಂದ 2 ಲಕ್ಷ ಕೈಯಿಂದ ತಂದು ಗೆಳೆಯನಿಗೆ ಕೊಡಬೇಕು.

ಮಿಲ್ಲಿನವರು ಹಾಳೆ ತಿರುಗಿಸಿ ನೋಡಿದರು. "ಮೂರು ವರ್ಷ ದುಡಿದು, ಇದ್ದಿದ್ದೂ ಕಳಕೊಂಡು, ನಾನೇ ದುಡ್ಡು ಕೊಡಬೇಕಾ ಸರ್?"

ಹೌದು. ಇದು ನನ್ನ ಮಾತಲ್ಲ, 1932ರ ಪಾಲುದಾರಿಕೆ ಕಾಯ್ದೆಯ ಮಾತು. ನಷ್ಟವನ್ನು ಮೊದಲು ಲಾಭದಲ್ಲಿ ತುಂಬಿಸಬೇಕು, ಆಮೇಲೆ ಬಂಡವಾಳದಲ್ಲಿ. ಅದೂ ಸಾಲದಿದ್ದರೆ, ಲಾಭ ಹಂಚಿಕೊಳ್ಳುವ ಪ್ರಮಾಣದಲ್ಲೇ ಪಾಲುದಾರರು ಕೈಯಿಂದ ಹಾಕಬೇಕು. ಪತ್ರದಲ್ಲಿ ಏನೂ ಬರೆಯದಿದ್ದರೂ ಇದೇ ಗತಿ, ಯಾಕೆಂದರೆ ಬರೆಯದಿದ್ದಾಗ ಕಾಯ್ದೆ ಲಾಭ ನಷ್ಟ ಎರಡನ್ನೂ ಸಮ ಅಂತಲೇ ಹಿಡಿಯುತ್ತದೆ. ಬಂಡವಾಳ ಹೆಚ್ಚು ಕಡಿಮೆ ಇದೆ ಅಂತ ಅದು ನೋಡುವುದಿಲ್ಲ.

ಆದರೆ ಬೇರೆ ಥರ ಬರೆದುಕೊಳ್ಳಲು ಅಡ್ಡಿಯಿಲ್ಲ. ಲಾಭದ ಪ್ರಮಾಣ ಒಂದು, ನಷ್ಟದ ಪ್ರಮಾಣ ಇನ್ನೊಂದು ಇರಬಹುದು. ಇವರ ಪತ್ರದಲ್ಲಿ ಲಾಭ ಸಮಪಾಲು, ನಷ್ಟ ಮಾತ್ರ ಬಂಡವಾಳದ ಪ್ರಕಾರ, ಅಂದರೆ 80:20 ಅಂತ ಬರೆದೆ. ಈಗ ಅದೇ 10 ಲಕ್ಷದ ನಷ್ಟದಲ್ಲಿ ಅಂಗಡಿಯವರದು 8, ಮಿಲ್ಲಿನವರದು 2. ಉಳಿದ 5 ಲಕ್ಷದಲ್ಲಿ ಅವರಿಗೆ 4, ಇವರಿಗೆ 1. ಒಂದು ಎಚ್ಚರ: ಈ ಹಂಚಿಕೆ ಇಬ್ಬರ ನಡುವೆ ಮಾತ್ರ. ಬ್ಯಾಂಕಿಗೆ ಇದು ಲೆಕ್ಕಕ್ಕಿಲ್ಲ. ಫರ್ಮಿನ ಪೂರ್ತಿ ಸಾಲವನ್ನು ಅದು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು.

ಅಂಗಡಿಯವರ ಮುಖ ಸ್ವಲ್ಪ ಸಪ್ಪಗಾಯಿತು. ಸಹಜ ಅಲ್ವಾ? ದುಡ್ಡು ಅವರದು ಜಾಸ್ತಿ, ನಷ್ಟವೂ ಜಾಸ್ತಿ, ಲಾಭ ಮಾತ್ರ ಅರ್ಧ. ಅದಕ್ಕೆ ಲಾಭ ಹಂಚುವ ಮೊದಲೇ ದುಡ್ಡಿಗೆ ಬಡ್ಡಿ, ದುಡಿಮೆಗೆ ಸಂಬಳ ಅಂತ ಬೇರೆ ಬೇರೆ ಬರೆಯುವುದು. ಇಬ್ಬರೂ ಒಪ್ಪಿದ್ದು ಬಂಡವಾಳಕ್ಕೆ ವರ್ಷಕ್ಕೆ 10% ಬಡ್ಡಿ, ಮಿಲ್ಲಿನವರಿಗೆ ತಿಂಗಳಿಗೆ 25,000 ಸಂಬಳ. ಒಂದು ವರ್ಷ ಖರ್ಚೆಲ್ಲ ಕಳೆದು 7,80,000 ಉಳಿಯಿತು ಅನ್ನಿ. ಬಡ್ಡಿ ಒಟ್ಟು 1,50,000, ಸಂಬಳ 3,00,000. ಉಳಿದ 3,30,000ದಲ್ಲಿ ತಲಾ 1,65,000. ಕೊನೆಗೆ ಅಂಗಡಿಯವರ ಕೈಗೆ 2,85,000, ಮಿಲ್ಲಿನವರ ಕೈಗೆ 4,95,000. ದಿನಾ ಅರ್ಧ ಗಂಟೆ ಬಂದು ಹೋಗುವವರಿಗೂ ಪೂರ್ತಿ ದಿನ ಗಾಣದ ಮುಂದೆ ನಿಲ್ಲುವವರಿಗೂ ಇಷ್ಟು ಅಂತರ ನ್ಯಾಯ ಅಂತ ಇಬ್ಬರಿಗೂ ಅನ್ನಿಸಿತು.

ಈ ಎರಡು ಸಾಲು ಪತ್ರದಲ್ಲಿ ಇರಲೇಬೇಕು. ಬರೆಯದಿದ್ದರೆ ಕಾಯ್ದೆಯ ಪ್ರಕಾರ ಪಾಲುದಾರನಿಗೆ ಸಂಬಳ ಕೇಳುವ ಹಕ್ಕೇ ಇಲ್ಲ. ಆದಾಯ ತೆರಿಗೆಯವರೂ ಪತ್ರದಲ್ಲಿ ಇಲ್ಲದ ಸಂಬಳ, ಬಡ್ಡಿಯನ್ನು ಫರ್ಮಿನ ಖರ್ಚು ಅಂತ ಒಪ್ಪುವುದಿಲ್ಲ. ಬರೆದರೂ 12%ಗಿಂತ ಮೇಲಿನ ಬಡ್ಡಿ ಒಪ್ಪುವುದಿಲ್ಲ, ಸಂಬಳಕ್ಕೂ ಒಂದು ಮಿತಿ ಇದೆ. ಇನ್ನೊಂದು, ದುಡ್ಡು ಕಮ್ಮಿ ಬಂದ ವರ್ಷ ಯಾವುದು ಮೊದಲು ಅಂತಲೂ ಬರೆಯಿರಿ. ಇವರದರಲ್ಲಿ ಸಂಬಳ ಮೊದಲು, ಬಡ್ಡಿ ಏನಾದರೂ ಉಳಿದರೆ ಮಾತ್ರ.

ಯಾರ ಕೆಲಸ ಏನು ಅನ್ನುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೀಜ ಕೊಳ್ಳುವುದು, ಗಾಣ ಮಿಲ್ಲಿನವರಿಗೆ. ಮಾರಾಟ, ಲೆಕ್ಕ ಅಂಗಡಿಯವರಿಗೆ. 50,000ಕ್ಕಿಂತ ಮೇಲಿನ ಚೆಕ್ಕಿಗೆ ಇಬ್ಬರ ಸಹಿ. ಉದ್ರಿ ಎಷ್ಟರವರೆಗೆ ಕೊಡಬಹುದು ಅಂತಲೂ ಒಂದು ಸಾಲು.

ತಡವಾಗಿದ್ದು ಬಿಟ್ಟು ಹೋಗುವ ವಿಷಯಕ್ಕೆ. ಅವರು ತಂದಿದ್ದ ಪತ್ರದಲ್ಲಿ "ಒಬ್ಬ ಪಾಲುದಾರ ನಿವೃತ್ತನಾದರೆ ಉಳಿದ ಪಾಲುದಾರರು ಫರ್ಮ್ ಮುಂದುವರಿಸತಕ್ಕದ್ದು" ಅಂತಿತ್ತು. ಇಬ್ಬರೇ ಇರುವಾಗ ಉಳಿದ ಪಾಲುದಾರರು ಎಲ್ಲಿಂದ ಬರಬೇಕು? ಒಬ್ಬನೇ ಸೇರಿ ಪಾಲುದಾರಿಕೆ ಆಗುವುದಿಲ್ಲ. ಒಬ್ಬರು ಹೋದ ದಿನವೇ ಫರ್ಮ್ ಮುಗಿಯಿತು. ಒಬ್ಬರು ತೀರಿಕೊಂಡರೂ ಅಷ್ಟೇ. ಹಾಗಾಗಿ ನಾನು ಬರೆದದ್ದು ಬೇರೆ ಥರ: ಹೋಗುವವರು ಮೂರು ತಿಂಗಳ ಮೊದಲು ಬರವಣಿಗೆಯಲ್ಲಿ ತಿಳಿಸಬೇಕು. ಆಮೇಲೆ ಇಡೀ ವ್ಯವಹಾರವನ್ನು ಆಸ್ತಿ, ಸಾಲ, ಹೆಸರು ಸಮೇತ ಇನ್ನೊಬ್ಬರು ಸ್ವಂತಕ್ಕೆ ತೆಗೆದುಕೊಳ್ಳಬಹುದು. ಹೋಗುವವರ ಪಾಲಿನಲ್ಲಿ ಮೂರನೇ ಒಂದು ಭಾಗ ಕೂಡಲೇ, ಉಳಿದದ್ದು ಒಂದು ವರ್ಷದೊಳಗೆ. ತೆಗೆದುಕೊಳ್ಳಲು ಇಷ್ಟವಿಲ್ಲದಿದ್ದರೆ ಮಾತ್ರ ಮಾರಿ ಹಂಚಿಕೊಳ್ಳುವುದು.

ಆಗ ನೆನಪಾಗಿ ಕೇಳಿದೆ, ಶೆಡ್ ಯಾರದು ಅಂತ. ಮಿಲ್ಲಿನವರ ತಂದೆಯದಂತೆ, ಬಾಡಿಗೆ ಗೀಡಿಗೆ ಏನೂ ಮಾತಾಗಿಲ್ಲವಂತೆ. ಅಂದರೆ ಮಗ ಹೋದರೆ ಗಾಣದ ತಲೆ ಮೇಲಿನ ಸೂರೂ ಹೋಗುತ್ತೆ. ಶೆಡ್ ಫರ್ಮಿನ ಆಸ್ತಿಯಲ್ಲ ಅಂತ ಪತ್ರದಲ್ಲಿ ಬರೆದು, ತಂದೆಯ ಜೊತೆ ಬೇರೆ ಬಾಡಿಗೆ ಕರಾರು ಮಾಡಿಸಿದೆ. ಮಗ ಬಿಟ್ಟರೂ 11 ತಿಂಗಳು ಶೆಡ್ ಖಾಲಿ ಮಾಡಿಸುವಂತಿಲ್ಲ ಅಂತ ಅದರಲ್ಲಿದೆ.

ಹೊರಗಿನವರಿಗೆ ತಿಳಿಸುವುದನ್ನೂ ಮರೆಯಬಾರದು. ಫರ್ಮ್ ಮುಗಿದ ವಿಷಯವನ್ನು ಫರ್ಮುಗಳ ನೋಂದಣಾಧಿಕಾರಿಗೆ ಕೊಟ್ಟು, ಗೆಜೆಟ್ಟಿನಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಹಾಕಿಸಬೇಕು. ಅಲ್ಲಿಯವರೆಗೆ ಗೆಳೆಯ ಫರ್ಮಿನ ಹೆಸರಲ್ಲಿ ಬೀಜ ಸಾಲ ತಂದರೆ, ಬಿಟ್ಟು ಹೋದವರ ಕುತ್ತಿಗೆಗೂ ಬರುತ್ತದೆ. ಹಳೇ ಬ್ಯಾಂಕ್ ಸಾಲವಂತೂ ಪತ್ರಿಕೆಯಲ್ಲಿ ಹಾಕಿದರೂ ಬಿಡುವುದಿಲ್ಲ, ಬ್ಯಾಂಕೇ ಒಪ್ಪಿ ಬಿಡುಗಡೆ ಬರೆದುಕೊಡಬೇಕು. ಮತ್ತೆ, ಫರ್ಮನ್ನು ಶುರುವಿನಲ್ಲೇ ನೋಂದಣಿ ಮಾಡಿಸಿ. ಇಲ್ಲದಿದ್ದರೆ ಉದ್ರಿ ಉಳಿಸಿಕೊಂಡ ಗಿರಾಕಿ ಮೇಲೆ ಫರ್ಮಿನ ಹೆಸರಲ್ಲಿ ದಾವೆ ಹಾಕಲು ಬರುವುದಿಲ್ಲ.

ಕೊನೆಗೆ ಇಬ್ಬರೂ ಜಗಳಕ್ಕೆ ನಿಂತದ್ದು ಪಾಲಿನ ಬೆಲೆ ಕಟ್ಟುವಾಗ ಸ್ಟಾಕಿಗೆ ಯಾವ ರೇಟು ಅನ್ನುವುದಕ್ಕೆ. ಕೊಂಡ ರೇಟು ಅಂತ ಒಬ್ಬರು, ಅವತ್ತಿನ ರೇಟು ಅಂತ ಇನ್ನೊಬ್ಬರು. "ಲೇ, ನೀನು ಈಗಲೇ ಬಿಟ್ಟು ಹೋಗೋನ ಥರ ಮಾತಾಡ್ತೀಯಲ್ಲೋ" ಅಂತ ಅಂಗಡಿಯವರು ರೇಗಿದರು. ಚಹಾ ತರಿಸಿದೆ. ಅರ್ಧ ಗಂಟೆ ಆದಮೇಲೆ ಬರೆದದ್ದು ಇಷ್ಟು: ಚೀಲದಲ್ಲಿರುವ ಶೇಂಗಾಕ್ಕೆ ಲೆಕ್ಕದ ದಿನ ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ನಡೆದ ರೇಟು. ಡ್ರಮ್ಮಿನಲ್ಲಿರುವ ಎಣ್ಣೆಗೆ, ಹಿಂಡಿಗೆ ತಯಾರಿಸಿದ ಖರ್ಚು ಮಾತ್ರ, ಮಾರಾಟದ ಬೆಲೆ ಅಲ್ಲ. ಆರು ತಿಂಗಳು ದಾಟಿದ ಉದ್ರಿಗೆ ಸೊನ್ನೆ. ಅದು ಆಮೇಲೆ ವಸೂಲಾದರೆ ಅರ್ಧ ಹಣ ಹೋದವರ ಮನೆಗೆ.