ಆಲ್ಫಾ ಕಣ ವಾಪಸ್ ಬಂದಿದ್ದು ಹೇಗೆ? ಥಾಮ್ಸನ್ ಮಾಡೆಲ್‌ನಿಂದ ನ್ಯೂಕ್ಲಿಯಸ್‌ವರೆಗೆ

ನಿನ್ನೆ ಸಂಜೆ ಜಯನಗರದಲ್ಲಿ ನಾವು ನಾಲ್ಕು ಜನ ಕೂತು ಸೆಕೆಂಡ್ ಪಿಯು ಆಟಮ್ಸ್ ಚಾಪ್ಟರ್ ಓದ್ತಿದ್ವಿ, ಆಗ ಒಬ್ಬಳು ಒಂದು ಒಳ್ಳೆ ಪ್ರಶ್ನೆ ಕೇಳಿದ್ಲು. ಥಾಮ್ಸನ್ ಆಟಮ್‌ನಲ್ಲೂ ಪಾಸಿಟಿವ್ ಚಾರ್ಜ್ ಇದೆ, ರುದರ್‌ಫೋರ್ಡ್ ಆಟಮ್‌ನಲ್ಲೂ ಅಷ್ಟೇ ಇದೆ, ಮತ್ತೆ ತೆಳು ಚಿನ್ನದ ಹಾಳೆಗೆ ಹೊಡೆದ ಆಲ್ಫಾ, ಅಂದ್ರೆ ಪಾಸಿಟಿವ್ ಚಾರ್ಜ್ ಇರೋ ಭಾರದ ಕಣ, ಒಂದರಲ್ಲಿ ವಾಪಸ್ ಬರಲ್ಲ ಇನ್ನೊಂದರಲ್ಲಿ ಬರುತ್ತೆ ಅಂದ್ರೆ ಏನು ಲೆಕ್ಕ ಅಂತ. ನಮ್ ನೋಟ್ಸ್‌ನಲ್ಲಿ ಇದಕ್ಕೆ ಉತ್ತರ ಇರ್ಲಿಲ್ಲ, ಬರೀ ಮೂರು ಅಬ್ಸರ್ವೇಶನ್ ಮೂರು ಕನ್‌ಕ್ಲೂಶನ್ ಇತ್ತು. ಅದಕ್ಕೇ ರಾತ್ರಿ ಕೂತು ಲೆಕ್ಕ ಮಾಡಿದೆ, ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಎಲೆಕ್ಟ್ರಾನ್. 1897ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜೆ.ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳನ್ನ ಎಲೆಕ್ಟ್ರಿಕ್ ಫೀಲ್ಡ್‌ನಲ್ಲಿ ಬಗ್ಗಿಸಿ ತೋರಿಸಿದ್ರು. ಅದಕ್ಕೂ ಮುಂಚೆ ಹರ್ಟ್ಜ್ ಇದೇ ಪ್ರಯತ್ನ ಮಾಡಿ ಕಿರಣ ಬಗ್ಗಲಿಲ್ಲ ಅಂದಿದ್ರು, ಆದ್ರೆ ಅಲ್ಲಿ ತೊಂದರೆ ಇದ್ದಿದ್ದು ಟ್ಯೂಬ್‌ನಲ್ಲಿ ಉಳಿದಿದ್ದ ಗ್ಯಾಸ್‌ನದ್ದು, ಕಿರಣ ಹಾದು ಹೋಗುವಾಗ ಆ ಗ್ಯಾಸ್ ಅಯಾನ್ ಆಗಿ ಪ್ಲೇಟ್‌ಗಳ ಫೀಲ್ಡ್‌ನ ಮುಚ್ಚಿಹಾಕ್ತಿತ್ತು. ಥಾಮ್ಸನ್ ಗಾಳಿನ ಇನ್ನೂ ಚೆನ್ನಾಗಿ ಹೊರಗೆ ತೆಗೆದ್ರು, ಕಿರಣ ಬಗ್ಗಿತು. ಬಗ್ಗಿದ್ದನ್ನ ಅಳೆದು ಚಾರ್ಜ್‌ಗೂ ಮಾಸ್‌ಗೂ ಇರೋ ಅನುಪಾತ ತೆಗೆದ್ರೆ ಹೈಡ್ರೋಜನ್ ಅಯಾನ್‌ಗಿಂತ ಸಾವಿರ ಪಟ್ಟಿಗೂ ಮೇಲೆ ಬಂತು, ಗ್ಯಾಸ್ ಬದಲಾಯಿಸಿದ್ರೂ ಕ್ಯಾಥೋಡ್ ಲೋಹ ಬದಲಾಯಿಸಿದ್ರೂ ಹೆಚ್ಚುಕಮ್ಮಿ ಅದೇ. ಅಂದ್ರೆ ಇದು ಯಾವ್ದೋ ಒಂದು ವಸ್ತುವಿನ ತುಂಡಲ್ಲ, ಎಲ್ಲಾ ಆಟಮ್‌ಗಳ ಒಳಗೂ ಇರೋ ಒಂದೇ ಥರದ ಹಗುರ ಕಣ.

ಎಲೆಕ್ಟ್ರಾನ್ ನೆಗೆಟಿವ್, ಆಟಮ್ ನ್ಯೂಟ್ರಲ್, ಹಾಗಾದ್ರೆ ಪಾಸಿಟಿವ್ ಎಲ್ಲಿ? 1904ರಲ್ಲಿ ಥಾಮ್ಸನ್ ಕೊಟ್ಟ ಉತ್ತರ, ಆಟಮ್ ಪೂರ್ತಿ ಹರಡಿಕೊಂಡಿದೆ, ಅದರೊಳಗೆ ಎಲೆಕ್ಟ್ರಾನ್‌ಗಳು ಕೂತಿವೆ. ಪುಸ್ತಕದಲ್ಲಿ ಕಲ್ಲಂಗಡಿ ಅಂತಾರೆ, ನನಗೆ ಕೇಸರಿಬಾತ್ ಇನ್ನೂ ಚೆನ್ನಾಗಿ ಹೊಂದುತ್ತೆ ಅನ್ಸುತ್ತೆ, ಬಾತ್ ಪಾಸಿಟಿವ್, ದ್ರಾಕ್ಷಿ ಎಲೆಕ್ಟ್ರಾನ್. ಆ ಹೊತ್ತಿಗೆ ಗೊತ್ತಿದ್ದ ಅಳತೆಗಳಿಗೆ ಇದು ತಪ್ಪು ಅನ್ನೋಕೆ ಕಾರಣ ಇರ್ಲಿಲ್ಲ, ಇದನ್ನ ದಡ್ಡ ಮಾಡೆಲ್ ಅಂತ ಓದ್ಬೇಡಿ.

ಈಗ ಮುಖ್ಯ ವಿಷಯ. ಚಾರ್ಜ್ ಎಷ್ಟಿದೆ ಅನ್ನೋದಲ್ಲ, ಅದರ ಎಷ್ಟು ಹತ್ರ ಹೋಗೋಕೆ ಆಗುತ್ತೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಚಿನ್ನದಲ್ಲಿ Z = 79, ಆಲ್ಫಾದ ಚಾರ್ಜ್ 2. ಇವೆರಡರ ಮಧ್ಯದ ದೂರ r ಇದ್ದಾಗ ತಳ್ಳುವ ಎನರ್ಜಿ

```
U = k (2e)(79e) / r
```

ಥಾಮ್ಸನ್ ಆಟಮ್‌ನ ರೇಡಿಯಸ್ ಸುಮಾರು 10⁻¹⁰ ಮೀಟರ್ ಅಂತ ಇಟ್ಕೊಳ್ಳಿ. ಅದರ ಅಂಚಿನಲ್ಲಿ U ಸುಮಾರು 2,300 ಎಲೆಕ್ಟ್ರಾನ್‌ವೋಲ್ಟ್ ಬರುತ್ತೆ. ಒಳಗೆ ಹೋದಂಗೆ ಫೋರ್ಸ್ ಕಮ್ಮಿ ಆಗ್ತಾ ಹೋಗುತ್ತೆ, ಯಾಕಂದ್ರೆ ಆಲ್ಫಾದ ಹೊರಗಡೆ ಉಳಿದ ಚಾರ್ಜ್ ಪದರ ಏನೂ ತಳ್ಳಲ್ಲ. ನಟ್ಟನಡುವೆ ತಲುಪಿದ್ರೂ U ಅಂಚಿನದ್ದರ ಒಂದೂವರೆ ಪಟ್ಟು ಅಷ್ಟೇ, ಸುಮಾರು 3,400. ಎದುರುಗಡೆ ಬರ್ತಿರೋ ಆಲ್ಫಾದ ಎನರ್ಜಿ ಎಷ್ಟು? ರೇಡಿಯಮ್ ವಂಶದ ವೇಗದ ಆಲ್ಫಾಗೆ ಸುಮಾರು 77 ಲಕ್ಷ ಎಲೆಕ್ಟ್ರಾನ್‌ವೋಲ್ಟ್. ಎರಡು ಸಾವಿರ ಪಟ್ಟಿಗೂ ಜಾಸ್ತಿ! ಅದು ನಿಲ್ಲೋ ಮಾತೇ ಇಲ್ಲ, ಒಂದು ಆಟಮ್ ದಾಟುವಾಗ ಹೆಚ್ಚಂದ್ರೆ 0.02 ಡಿಗ್ರಿ ಹತ್ರ ತಿರುಗುತ್ತೆ. ಎಲೆಕ್ಟ್ರಾನ್ ಗುದ್ದಿದ್ರೂ ಅಷ್ಟೇ, ಆಲ್ಫಾ ಅದಕ್ಕಿಂತ 7,300 ಪಟ್ಟು ಭಾರ.

ಆದ್ರೆ ಹಾಳೆಯಲ್ಲಿ ಒಂದೇ ಆಟಮ್ ಇರಲ್ವಲ್ಲ ಅಂತ ನೀವು ಕೇಳಬಹುದು, ಕೇಳಲೇಬೇಕು. ಮ್ಯಾಂಚೆಸ್ಟರ್‌ನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಬಳಸಿದ ಚಿನ್ನದ ಹಾಳೆ ಸುಮಾರು 0.00004 ಸೆಂಟಿಮೀಟರ್ ದಪ್ಪ, ಅಂದ್ರೆ ಸಾವಿರದೈನೂರು ಪದರ ಆಟಮ್. ಪ್ರತಿ ಸಲ ಒಂದೊಂದು ದಿಕ್ಕಿಗೆ ತಳ್ಳಿಸ್ಕೊಳ್ಳೋದ್ರಿಂದ ಒಟ್ಟು ತಿರುವು 1,500 ಪಟ್ಟು ಆಗಲ್ಲ, ಅದರ ವರ್ಗಮೂಲದಷ್ಟು ಪಟ್ಟು, ಅಂದ್ರೆ ಸುಮಾರು 39. 0.02 × 39 ಮಾಡಿ, 0.8 ಡಿಗ್ರಿ ಹತ್ರ ಬರುತ್ತೆ. ಗೈಗರ್ ಆ ದಪ್ಪದ ಹಾಳೆಗೆ ಅಳೆದಿದ್ದ ಅತಿ ಸಂಭವನೀಯ ತಿರುವು 0.87 ಡಿಗ್ರಿ! ನಮ್ಮದು ಒರಟು ಲೆಕ್ಕ, ಇಷ್ಟು ಹತ್ರ ಬಂದಿದ್ದು ಸ್ವಲ್ಪ ಅದೃಷ್ಟ, ಆದ್ರೂ ಒಂದು ವಿಷಯ ಸ್ಪಷ್ಟ, ಸಣ್ಣ ತಿರುವುಗಳನ್ನ ಮಾತ್ರ ನೋಡಿದ್ರೆ ಥಾಮ್ಸನ್ ಮಾಡೆಲ್ ಬೀಳಲ್ಲ.

ಬಿದ್ದಿದ್ದು 1909ರಲ್ಲಿ, ದೊಡ್ಡ ತಿರುವು ಕಂಡಾಗ. ಕತ್ತಲೆ ರೂಮಲ್ಲಿ ಕೂತು, ಝಿಂಕ್ ಸಲ್ಫೈಡ್ ಪರದೆ ಮೇಲೆ ಬೀಳೋ ಒಂದೊಂದು ಮಿನುಗನ್ನ ಮೈಕ್ರೋಸ್ಕೋಪ್‌ನಲ್ಲಿ ಕಣ್ಣಿಂದಲೇ ಎಣಿಸ್ತಿದ್ರು. ಚಿನ್ನದ ಹಾಳೆಯಲ್ಲಿ ಸುಮಾರು 20,000ಕ್ಕೆ ಒಂದು ಆಲ್ಫಾ ಸರಾಸರಿ 90 ಡಿಗ್ರಿ ತಿರುಗಿತ್ತು. ಒಂದು ಡಿಗ್ರಿಗೂ ಕಮ್ಮಿ ಇರೋ ಸಣ್ಣ ತಳ್ಳುಗಳೇ ಸೇರಿ 90 ಆಗೋ ಸಾಧ್ಯತೆ ಲೆಕ್ಕ ಮಾಡಿದ್ರೆ ದಶಮಾಂಶ ಆದ್ಮೇಲೆ ಸಾವಿರಾರು ಸೊನ್ನೆ ಬರುತ್ತೆ. ಹಾಗಾಗಿ ಇದು ಒಂದೇ ಗುದ್ದಿನಲ್ಲಿ ಆಗಿರೋದು.

1911ರಲ್ಲಿ ರುದರ್‌ಫೋರ್ಡ್ ಅದೇ U ಸೂತ್ರನ ತಿರುಗಿಸಿ ಕೇಳಿದ ಹಾಗೆ ನಾವೂ ಕೇಳೋಣ, ನೇರ ಎದುರಿಗೆ ಬಂದ ಆಲ್ಫಾ ಪೂರ್ತಿ ನಿಂತು ವಾಪಸ್ ಹೋಗ್ಬೇಕಾದ್ರೆ r ಎಷ್ಟಿರಬೇಕು? U = 77 ಲಕ್ಷ ಇಟ್ರೆ r ≈ 3 × 10⁻¹⁴ ಮೀಟರ್. ಆ 79 ಚಾರ್ಜೂ ಇಷ್ಟು ಚಿಕ್ಕ ಜಾಗದ ಒಳಗೇ ಇರಬೇಕು, ಇಲ್ಲಾಂದ್ರೆ ಆಲ್ಫಾ ಅಷ್ಟು ಹತ್ರ ಬರೋವಾಗ ಪೂರ್ತಿ ತಳ್ಳು ಸಿಗಲ್ಲ. ಮೆಜೆಸ್ಟಿಕ್‌ನ ನಡು ಮಾಡ್ಕೊಂಡು 10 ಕಿಲೋಮೀಟರ್ ರೇಡಿಯಸ್‌ನ ವೃತ್ತ ಎಳೆದು ಅದನ್ನ ಆಟಮ್ ಅಂದ್ಕೊಂಡ್ರೆ, ಆಲ್ಫಾ ನಿಲ್ಲೋದು ನಡುವಿನಿಂದ ಬರೀ ಎರಡು ಮೂರು ಮೀಟರ್ ದೂರದಲ್ಲಿ.

ಇದನ್ನೇ ಎಣಿಕೆಗೂ ಹಾಕಿ ನೋಡಿದೆ. 90 ಡಿಗ್ರಿಗಿಂತ ಜಾಸ್ತಿ ತಿರುಗ್ಬೇಕಾದ್ರೆ ಆಲ್ಫಾದ ದಾರಿ ನಡುವಿನ ಗೆರೆಯಿಂದ r/2 ಒಳಗೆ ಇರಬೇಕು. ಒಂದೊಂದು ಆಟಮ್‌ಗೂ ಅಷ್ಟು ಅಗಲದ ಗುರಿ ಅಂತ ಇಟ್ಟು ಹಾಳೆ ಪೂರ್ತಿ ಸೇರಿಸಿದ್ರೆ ಸುಮಾರು 60,000ಕ್ಕೆ ಒಂದು ಬರುತ್ತೆ. ಅಳತೆ 20,000ಕ್ಕೆ ಒಂದು, ಸರಾಸರಿ 90 ಅಂದ್ರೆ ಅದಕ್ಕಿಂತ ಕಮ್ಮಿ ತಿರುಗಿದವೂ ಅದರಲ್ಲಿ ಸೇರಿವೆ. ಸಾವಿರಾರು ಸೊನ್ನೆ ಎಲ್ಲಿ, ಮೂರು ಪಟ್ಟು ವ್ಯತ್ಯಾಸ ಎಲ್ಲಿ!

ಪರೀಕ್ಷೆಯಲ್ಲಿ ಎಲ್ಲರೂ ತಪ್ಪಾಗಿ ಬರೆಯೋ ಮೂರು ಮಾತು ಇಲ್ಲೇ ಹೇಳ್ಬಿಡ್ತೀನಿ. 3 × 10⁻¹⁴ ನ್ಯೂಕ್ಲಿಯಸ್‌ನ ಸೈಜ್ ಅಲ್ಲ, ಅದಕ್ಕಿಂತ ದೊಡ್ಡದಿಲ್ಲ ಅನ್ನೋ ಮಿತಿ, ನಿಜವಾಗ್ಲೂ ಚಿನ್ನದ್ದು ಸುಮಾರು 7 × 10⁻¹⁵ ಮೀಟರ್. ಎರಡನೇದು, ನಡುವಿನ ಚಾರ್ಜ್ ಪಾಸಿಟಿವ್ ಅಂತ ಈ ಎಣಿಕೆ ಒಂದೇ ಹೇಳಲ್ಲ. ನೆಗೆಟಿವ್ ಆಗಿದ್ರೂ ಆಲ್ಫಾ ಅದರ ಸುತ್ತ ಬಳಸಿ ಅಷ್ಟೇ ಡಿಗ್ರಿ ತಿರುಗ್ತಿತ್ತು, ಅದಕ್ಕೇ 1911ರ ಪೇಪರ್‌ನಲ್ಲಿ ರುದರ್‌ಫೋರ್ಡ್ ಚಿಹ್ನೆನ ತೀರ್ಮಾನ ಮಾಡದೆ ಬಿಟ್ಟಿದ್ರು. ಮೂರನೇದು, ಎಲೆಕ್ಟ್ರಾನ್ ಸುತ್ತುತ್ತೆ ಅಂತ ಹಾಳೆ ಪ್ರಯೋಗ ತೋರಿಸ್ಲಿಲ್ಲ, ಎಲೆಕ್ಟ್ರಾನ್‌ಗಳ ಬಗ್ಗೆ ಅದು ಹೆಚ್ಚುಕಮ್ಮಿ ಏನೂ ಹೇಳಲ್ಲ.

1913ರಲ್ಲಿ ಗೈಗರ್, ಮಾರ್ಸ್‌ಡೆನ್ ಬೇರೆ ಬೇರೆ ಕೋನ, ದಪ್ಪ, ವೇಗ ಇಟ್ಟು ಮತ್ತೆ ಎಣಿಸಿ ರುದರ್‌ಫೋರ್ಡ್ ಕೊಟ್ಟ ಎಣಿಕೆ ಸೂತ್ರ ಸರಿ ಅಂತ ತೋರಿಸಿದ್ರು. ಆಗ ಉಳಿದ ತೊಂದರೆ ಎಲೆಕ್ಟ್ರಾನ್‌ದೇ. ನಿಂತಿದ್ರೆ ನ್ಯೂಕ್ಲಿಯಸ್ ಒಳಗೆ ಎಳ್ಕೊಂಡುಬಿಡುತ್ತೆ, ಸುತ್ತಿದ್ರೆ ಹಳೇ ಫಿಸಿಕ್ಸ್ ಪ್ರಕಾರ ಬೆಳಕು ಚೆಲ್ತಾ ಎನರ್ಜಿ ಕಳ್ಕೊಂಡು, ಹೈಡ್ರೋಜನ್ ಆದ್ರೆ ಸುಮಾರು 10⁻¹¹ ಸೆಕೆಂಡಲ್ಲೇ ಒಳಗೆ ಬೀಳ್ಬೇಕು. ಬೀಳಲ್ಲ. ಅದೇ ವರ್ಷ ಬೋರ್ ಹಿಡಿದಿದ್ದು ಈ ಎಳೆಯನ್ನೇ, ಅದು ಮುಂದಿನ ನೋಟ್ಸ್‌ಗೆ.