ಮ್ಯಾನೇಜರ್ ಕಾಟಕ್ಕೆ ಕೆಲ್ಸ ಬಿಡ್ತಿದ್ದೀನಿ, ರಾಜೀನಾಮೆ ಪತ್ರದಲ್ಲಿ ಅದನ್ನ ಬರೀಬೇಕಾ?

ಪ್ರಶ್ನೆ: ಒಂದೂವರೆ ವರ್ಷದಿಂದ ಒಬ್ಬ ಮ್ಯಾನೇಜರ್ ಕೈಕೆಳಗೆ ಇದ್ದೀನಿ. ಮೀಟಿಂಗಲ್ಲಿ ಎಲ್ಲರ ಮುಂದೆ ಬೈತಾರೆ, ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿ ಬೆಳಗ್ಗೆ ಯಾಕೆ ಮುಗ್ದಿಲ್ಲ ಅಂತಾರೆ. ಈಗ ಬೇರೆ ಕೆಲ್ಸ ಸಿಕ್ಕಿದೆ. ರಾಜೀನಾಮೆ ಪತ್ರ ಬರೆಯೋಕೆ ಕೂತ್ರೆ ಮೂರು ಪುಟ ಆಗ್ತಿದೆ. ಏನೂ ಹೇಳ್ದೆ ಸುಮ್ನೆ ಹೋದ್ರೆ ಸೋತ ಹಾಗೆ ಅನ್ಸತ್ತೆ. ಏನ್ ಮಾಡ್ಲಿ?

ಉತ್ತರ: ಮೂರು ಪುಟ ಬರೀರಿ, ಬೇರೆ ಫೈಲಲ್ಲಿ. ಅದು ಆಮೇಲೆ ಕೆಲಸಕ್ಕೆ ಬರತ್ತೆ, ಹೇಗೆ ಅಂತ ಮುಂದೆ ಹೇಳ್ತೀನಿ. ಆದ್ರೆ ರಾಜೀನಾಮೆ ಪತ್ರ ಅಂತ ಕಳಿಸೋದು ಐದಾರು ಸಾಲು ಇದ್ರೆ ಸಾಕು.

ನಾನು ಕೆಲವು ವರ್ಷ ಎಚ್‌ಆರ್‌ನಲ್ಲಿ ಇಂಥ ಪತ್ರಗಳನ್ನ ತಗೊಳ್ಳೋ ಕಡೆ ಕೂತಿದ್ದವಳು, ಅದಕ್ಕೇ ಹೇಳ್ತಿದ್ದೀನಿ, ಪತ್ರ ಬಂದ ತಕ್ಷಣ ನನ್ನ ಕಣ್ಣು ಹುಡುಕ್ತಿದ್ದಿದ್ದು ಕೊನೇ ದಿನ ಯಾವತ್ತು ಅನ್ನೋದನ್ನ. ಆಮೇಲೆ ಅದು ಫೈಲಿಗೆ ಹೋಗತ್ತೆ, ನೀವು ಹೋಗಿ ಎಷ್ಟೋ ಕಾಲ ಆದ್ಮೇಲೆ ಯಾರೋ ನಿಮ್ಮ ಬಗ್ಗೆ ವಿಚಾರಿಸಿದ್ರೆ, ಇಲ್ಲಾ ನೀವೇ ಅಲ್ಲಿಗೆ ವಾಪಸ್ ಅರ್ಜಿ ಹಾಕಿದ್ರೆ, ಆ ಫೈಲ್ ತೆಗೆಯೋರಿಗೆ ನೀವೂ ಗೊತ್ತಿಲ್ಲ, ಆ ಮ್ಯಾನೇಜರೂ ಗೊತ್ತಿಲ್ಲ. ನಿಮ್ಮ ಒಂದೂವರೆ ವರ್ಷದ ನೋವು ಅವರ ಕಣ್ಣಿಗೆ "ಜಗಳ ಆಡ್ಕೊಂಡು ಹೋದೋರು" ಅಂತ ಒಂದೇ ಸಾಲಾಗಿ ಕಾಣತ್ತೆ. ಯಾರು ಸರಿ ಯಾರು ತಪ್ಪು ಅಂತ ವಿಚಾರಣೆ ಮಾಡೋಕೆ ಅಲ್ಲಿ ಯಾರೂ ಕೂತಿರಲ್ಲ.

ಬೈದು ಬರೆದ ಪತ್ರಗಳಿಗಿಂತ ಜಾಸ್ತಿ ನಾನು ನೋಡಿರೋದು ಬೈದಿಲ್ಲ ಅಂದ್ಕೊಂಡು ಬರೆದಿರೋದನ್ನ. ಒಬ್ಬರದ್ದು ಡ್ರಾಫ್ಟ್ ಹೀಗಿತ್ತು, ಹೆಸರು ಬೇಡ:

"ಎಲ್ಲರಿಗೂ ತಿಳಿದಿರುವ ಕಾರಣಗಳಿಂದ, ಬಹಳ ಯೋಚಿಸಿದ ಮೇಲೆ, ಕೊನೆಗೂ ನಾನು ಈ ನಿರ್ಧಾರಕ್ಕೆ ಬರಬೇಕಾಯಿತು. ನನ್ನ ಕೆಲಸಕ್ಕೆ ಬೆಲೆ ಇರುವ ಜಾಗಕ್ಕೆ ಹೋಗುತ್ತಿದ್ದೇನೆ. ಇಲ್ಲಿ ಕಲಿತ ಪಾಠಗಳನ್ನು ಎಂದಿಗೂ ಮರೆಯುವುದಿಲ್ಲ. ದಯವಿಟ್ಟು ನನ್ನನ್ನು ಆದಷ್ಟು ಬೇಗ ಬಿಡುಗಡೆ ಮಾಡಿ."

ಒಂದು ಕೆಟ್ಟ ಪದ ಇಲ್ಲ, ಆದ್ರೂ ಹೊಗೆ ಆಡ್ತಿದೆ. "ಎಲ್ಲರಿಗೂ ತಿಳಿದಿರುವ" ಅಂದ್ರೆ ಏನೋ ಆಗಿದೆ ಅಂತ ಸಾರಿದ ಹಾಗೆ, ಏನು ಅಂತ ಮಾತ್ರ ಹೇಳಿಲ್ಲ. "ಕೊನೆಗೂ" ಅನ್ನೋ ಒಂದು ಪದಾನೇ ಸಾಕು, ಇಷ್ಟು ದಿನ ಸಹಿಸ್ಕೊಂಡಿದ್ದೆ ಅಂತ ಅರ್ಥ ಬರತ್ತೆ. "ಬರಬೇಕಾಯಿತು" ಅಂದ್ರೆ ಯಾರೋ ತಳ್ಳಿದ್ರು. "ಕಲಿತ ಪಾಠಗಳು" ಅನ್ನೋದನ್ನ ಕೋಪದಲ್ಲಿರೋರು ಬರೆದ್ರೆ ಚುಚ್ಚು ಮಾತು ಅಂತ ಯಾರಿಗಾದ್ರೂ ಗೊತ್ತಾಗತ್ತೆ. ಇಷ್ಟೆಲ್ಲಾ ಬರೆದು ಮುಖ್ಯವಾದ ತಾರೀಖೇ ಇಲ್ಲ, "ಆದಷ್ಟು ಬೇಗ" ಅಂತೆ! ಕಾಟ ಕೊಡೋ ಮ್ಯಾನೇಜರಿಗೆ ಇದೊಂದು ಸಿಕ್ಕಿದ್ರೆ ಸಾಕು, ಯಾವಾಗ ಅಂತ ಬರೆದಿಲ್ವಲ್ಲ ಅಂತ ಎರಡು ವಾರ ಎಳೀತಾರೆ.

ನಾವಿಬ್ರೂ ಕೂತು ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳ್ಕೊಂಡ್ವಿ: ಇದನ್ನ ಓದಿ ಎಚ್‌ಆರ್ ಏನಾದ್ರೂ ಕೆಲ್ಸ ಮಾಡ್ಬೇಕಾ? ಮಾಡೋಕೆ ಏನೂ ಇಲ್ಲ ಅಂದ್ರೆ ಆ ಸಾಲು ಔಟ್. ಕೊನೆಗೆ ಉಳಿದಿದ್ದು, ಸೇರಿಸಿದ್ದು ಎಲ್ಲಾ ಸೇರಿ ಇಷ್ಟು:

"ನಾನು ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಜೂನ್ 2ರಿಂದ 30 ದಿನಗಳ ನೋಟಿಸ್ ಅವಧಿಯಂತೆ ಜುಲೈ 1 ನನ್ನ ಕೊನೆಯ ಕೆಲಸದ ದಿನ. ಈಗ ನನ್ನ ಕೈಯಲ್ಲಿರುವ ಕೆಲಸಗಳ ಪಟ್ಟಿಯನ್ನು ಈ ವಾರದೊಳಗೆ ಕಳಿಸುತ್ತೇನೆ, ಯಾರಿಗೆ ವಹಿಸಬೇಕು ಎಂದು ತಿಳಿಸಿದರೆ ಅವರಿಗೆ ವಿವರಿಸುತ್ತೇನೆ. ತಂಡದವರ ಜೊತೆ ಕೆಲಸ ಮಾಡಲು ಸಿಕ್ಕ ಅವಕಾಶಕ್ಕೆ ಧನ್ಯವಾದಗಳು. ಈ ಪತ್ರ ತಲುಪಿದೆ ಎಂದು ದಯವಿಟ್ಟು ತಿಳಿಸಿ."

ಇದ್ರಲ್ಲಿ ಕಾರಣಾನೇ ಇಲ್ಲ ನೋಡಿ. ಸಾಮಾನ್ಯವಾಗಿ ಬೇಕಾಗೂ ಇಲ್ಲ. ಧನ್ಯವಾದ ತಂಡಕ್ಕೆ, ಮ್ಯಾನೇಜರಿಗಲ್ಲ, ಯಾಕಂದ್ರೆ ಪತ್ರ ಬರೆದೋರಿಗೆ ನಿಜವಾಗ್ಲೂ ತಂಡದವ್ರು ಇಷ್ಟ ಇದ್ರು. "ನಿಮ್ಮ ಅಮೂಲ್ಯ ಮಾರ್ಗದರ್ಶನಕ್ಕೆ ಚಿರಋಣಿ" ಅಂತೆಲ್ಲ ಬರೆಯೋಕೆ ಹೋಗ್ಬೇಡಿ, ದಿನಾ ಜಗಳ ನೋಡಿರೋ ಆಫೀಸಲ್ಲಿ ಅದು ವ್ಯಂಗ್ಯ ಅನ್ನಿಸತ್ತೆ, ಜೊತೆಗೆ ನಾಳೆ ನೀವು ದೂರು ಕೊಟ್ರೆ ಅದೇ ಸಾಲನ್ನ ನಿಮ್ಮ ಮುಂದೆ ಹಿಡೀತಾರೆ. ಧನ್ಯವಾದ ಹೇಳೋಕೆ ನಿಜವಾದ ವಿಷ್ಯ ಏನೂ ಸಿಗ್ಲಿಲ್ವಾ, ಬಿಟ್ಬಿಡಿ, ಯಾರೂ ಹುಡ್ಕಲ್ಲ. ಆಮೇಲೆ "ನೀಡಲು ಯೋಚಿಸುತ್ತಿದ್ದೇನೆ", "ನೀಡಲು ಅನುಮತಿ ಕೋರುತ್ತೇನೆ" ಅಂತ ಬೇಡ, ಅಷ್ಟು ಸಂದು ಕೊಟ್ರೆ ಇದು ರಾಜೀನಾಮೆನೇ ಅಲ್ಲ ಅಂತ ವಾದ ಮಾಡ್ಬಹುದು. "ನೀಡುತ್ತಿದ್ದೇನೆ", ಅಷ್ಟೇ.

ತಾರೀಖು ಹಾಕೋ ಮುಂಚೆ ನಿಮ್ಮ ನೇಮಕಾತಿ ಪತ್ರ ತೆಗೆದು ನೋಟಿಸ್ ಎಷ್ಟು ದಿನ, ಪತ್ರ ಕೊಟ್ಟ ದಿನಾನೂ ಲೆಕ್ಕಕ್ಕೆ ಬರತ್ತಾ ಅಥ್ವಾ ಮಾರನೇ ದಿನದಿಂದಾನಾ ನೋಡಿ. ಮೇಲಿನ ಉದಾಹರಣೆಲಿ ಕೊಟ್ಟ ದಿನಾನೇ ಒಂದನೇ ದಿನ. ಮತ್ತೆ ಮ್ಯಾನೇಜರ್ ಕೈಗೆ ಕಾಗದ ಕೊಟ್ಟು ಬರೋದಲ್ಲ, ಮೇಲ್ ಮಾಡಿ, ಎಚ್‌ಆರ್‌ಗೂ ಕಾಪಿ ಹಾಕಿ. ಕಾಗದ ಡ್ರಾಯರಲ್ಲಿ ಇಟ್ಕೊಂಡು "ನನಗೆ ಬಂದೇ ಇಲ್ಲ" ಅಂದಿರೋರನ್ನ ನೋಡಿದ್ದೀನಿ.

ಈಗ ಆ ಮೂರು ಪುಟದ ವಿಷ್ಯ. ಅದ್ರಲ್ಲಿ "ಯಾವಾಗ್ಲೂ ಅವಮಾನ ಮಾಡ್ತಾರೆ" ಅಂತಿರೋ ಕಡೆ ಯಾವ ದಿನ, ಯಾವ ಮೀಟಿಂಗ್, ಯಾರ್ಯಾರು ಇದ್ರು, ಏನಂದ್ರು ಅಂತ ತುಂಬ್ಸಿ. ಅಲ್ಲಿಗೆ ಅದು ದೂರು ಆಗತ್ತೆ, ಎಚ್‌ಆರ್‌ಗೆ ಬೇರೆ ಪತ್ರವಾಗಿ ಕೊಡಬಹುದು, ಇಲ್ಲಾ ಎಕ್ಸಿಟ್ ಇಂಟರ್ವ್ಯೂನಲ್ಲಿ ಅದನ್ನ ನೋಡ್ಕೊಂಡು ಮಾತಾಡಬಹುದು. ದೂರಿಗೆ ವಿಚಾರಣೆ ಅಂತ ಒಂದು ದಾರಿ ಇರತ್ತೆ, ರಾಜೀನಾಮೆ ಒಳಗೆ ತುರುಕಿದ ದೂರು ಬಹಳಷ್ಟು ಸಲ ರಾಜೀನಾಮೆ ಜೊತೆಗೇ ಮುಚ್ಚಿ ಹೋಗತ್ತೆ. ಏನೂ ಹೇಳ್ದೆ ಹೋದ್ರೆ ಸೋತ ಹಾಗೆ ಅಂದ್ರಲ್ಲ, ಹೇಳಿ, ಆದ್ರೆ ಅದನ್ನ ಕೇಳೋಕೆ ಇರೋ ಜಾಗದಲ್ಲಿ ಹೇಳಿ.

ಒಂದು ಕಡೆ ಮಾತ್ರ ನನ್ನ ಈ ಮಾತು ನಡೆಯಲ್ಲ. ಲೈಂಗಿಕ ಕಿರುಕುಳ, ಸಂಬಳ ಕೊಡದೇ ಇರೋದು, ಬಲವಂತವಾಗಿ ರಾಜೀನಾಮೆ ಬರೆಸ್ತಿರೋದು, ಇಂಥದ್ದಿದ್ರೆ ಪತ್ರ ಕಳಿಸೋ ಮುಂಚೆ ವಕೀಲರನ್ನ ಕೇಳಿ. ಕೆಲವು ದೇಶಗಳ ಕಾನೂನಲ್ಲಿ ಕಂಪನಿ ನಡವಳಿಕೆಯಿಂದಲೇ ಬಿಡಬೇಕಾಯ್ತು ಅಂತ ಕೇಸ್ ಹಾಕೋಕೆ ಅವಕಾಶ ಇದೆ, ಅಂಥ ಕಡೆ ಸೌಜನ್ಯಕ್ಕೆ ಅಂತ "ವೈಯಕ್ತಿಕ ಕಾರಣಗಳಿಂದ" ಅಂತ ಬರೆದ್ರೆ ಅದೇ ನಿಮಗೆ ತಿರುಗುಬಾಣ ಆಗಬಹುದು. ನಾನಂತೂ ಕೇಸ್ ಇಲ್ಲದೇ ಇದ್ರೂ ಸುಳ್ಳು ಕಾರಣ ಬರೀಬೇಡಿ ಅಂತೀನಿ. ಕಾರಣ ಬರೀದೇ ಇರೋದು ಬೇರೆ, ಸುಳ್ಳು ಬರೆಯೋದು ಬೇರೆ.

ಮೇಲ್ ಹೋದ ಹತ್ತು ನಿಮಿಷಕ್ಕೆ ಮ್ಯಾನೇಜರ್ ಕರೆದು "ಯಾಕೆ, ನನ್ನಿಂದಾನಾ?" ಅಂತ ಕೇಳೇ ಕೇಳ್ತಾರೆ. ಅದಕ್ಕೂ ಒಂದು ಸಾಲು ಮೊದ್ಲೇ ಬಾಯಲ್ಲಿ ಇಟ್ಕೊಂಡಿರಿ: "ನಿರ್ಧಾರ ಆಗಿದೆ ಸರ್, ಈಗ ಕೆಲ್ಸ ಯಾರಿಗೆ ವಹಿಸ್ಲಿ ಅಂತ ಹೇಳಿ." ಮತ್ತೆ ಕೇಳಿದ್ರೆ ಮತ್ತೆ ಇದನ್ನೇ ಹೇಳಿ.