ಹೆಸರುಗಳ ಪಟ್ಟಿಯ ಮೇಲೂ ಪ್ರಸಂಗವೇ?

ಡಿಸೆಂಬರ್ 17. ಮಂಜೇಶ್ವರ ಕಡೆಯ ಒಂದು ಇಗರ್ಜಿಯಲ್ಲಿ ಬೆಳಗಿನ ಪೂಜೆ. ಮತ್ತಾಯನ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿ ಓದುತ್ತಿದ್ದರು. 'ಪಡೆದನು, ಪಡೆದನು' ಅಂತ ಹತ್ತು ಸಲ ಬರುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಕೆಮ್ಮು ಶುರು. ಓದಿ ಮುಗಿದ ಮೇಲೆ ಪ್ರಬೋಧನೆ ಕ್ರಿಸ್ಮಸ್ ತಯಾರಿಯ ಕಡೆ ಜಾರಿತು. ಪಟ್ಟಿ ಅಲ್ಲೇ ಉಳಿಯಿತು.

ಈ ಬೇಸರ ಹೊಸದಲ್ಲ. 4ನೇ ಶತಮಾನದ ಹೆಸರಾಂತ ಬೋಧಕ ಜಾನ್ ಕ್ರಿಸೊಸ್ಟಮ್, ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯಕ್ಕೆ ಬಂದಾಗ, ಆ ವಂದನೆಗಳ ಪಟ್ಟಿಯನ್ನು ಬಲ್ಲವರೂ ಬೇಡದ್ದೆಂದು ದಾಟಿಹೋಗುತ್ತಾರೆ ಎಂದು ಆಕ್ಷೇಪಿಸಿದ್ದರು. ಅಕ್ಕಸಾಲಿಗ ಚಿನ್ನದ ಚೂರನ್ನೂ ಬಿಡುವುದಿಲ್ಲವಲ್ಲ ಎಂಬುದು ಅವರ ವಾದ. 1519ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಸುಧಾರಕ ಸ್ವಿಂಗ್ಲಿ, ಆ ವಾರಕ್ಕೆ ಗೊತ್ತುಮಾಡಿದ್ದ ಪಾಠ ಬಿಟ್ಟು ಮತ್ತಾಯನನ್ನು ಸಾಲಾಗಿ ಪ್ರಸಂಗಿಸಲು ಹೊರಟರು. ಅಂದರೆ ಆರಂಭವೇ ಈ ವಂಶಾವಳಿ! ಹೊಸ ಊರಿನ ಬೋಧಕರಿಗೆ ಧೈರ್ಯ ಸ್ವಲ್ಪ ಜಾಸ್ತಿಯೇ ಇತ್ತು. ಈಗ ಕಥೋಲಿಕರ ಪಾಠಪಟ್ಟಿಯಲ್ಲಿ ಇದಕ್ಕೆ ಡಿಸೆಂಬರ್ 17 ಮೀಸಲು. ಹಲವು ಪ್ರೊಟೆಸ್ಟೆಂಟ್ ಸಭೆಗಳು ಬಳಸುವ 1992ರ ಪಾಠಪಟ್ಟಿಯ ಭಾನುವಾರಗಳಲ್ಲಿ ಮಾತ್ರ ಓದು 18ನೇ ವಚನದಿಂದ ಶುರುವಾಗುತ್ತದೆ. ಮೊದಲ 17 ವಚನಗಳು ಹೊರಗೆ.

ಬೋಧಕರು ಎಡವುವುದು ಎಲ್ಲಿ? ಒಂದೊಂದು ಹೆಸರಿಗೂ ಅರ್ಥ ಹುಡುಕಿ ನೀತಿ ಹೇಳಲು ಹೋದಾಗ. ಪಟ್ಟಿಯನ್ನು ಪಟ್ಟಿಯಂತೆಯೇ ಓದಬೇಕು, ಎಲ್ಲಿ ಅದರ ಲಯ ತಪ್ಪುತ್ತದೆ ಅಂತ ನೋಡಬೇಕು.

ಮತ್ತಾಯ ಹದಿನಾಲ್ಕು ತಲೆಮಾರುಗಳ ಮೂರು ಗುಂಪು ಅನ್ನುತ್ತಾನೆ. ಆ ಲೆಕ್ಕಕ್ಕಾಗಿಯೋ ಏನೋ, ಯೋರಾಮನಿಂದ ಉಜ್ಜೀಯನಿಗೆ ನೇರ ಹಾರುತ್ತಾನೆ. ನಡುವಿನ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರು ಇಲ್ಲ. ಹೀಬ್ರೂವಿನಲ್ಲಿ ದಾವೀದ ಎಂಬ ಹೆಸರಿನ ಅಕ್ಷರಗಳನ್ನು ಅಂಕಿಯಾಗಿ ಕೂಡಿದರೆ 4+6+4, ಸರಿಯಾಗಿ 14. ಇದೇ ಕಾರಣ ಅಂತ ಅನೇಕರು ಹೇಳುತ್ತಾರೆ. ಆದರೆ ಕೊನೆಯ ಗುಂಪಿನ ತಲೆಗಳನ್ನು ಎಣಿಸಿದರೆ ಹದಿಮೂರೇ ಸಿಗುತ್ತವೆ. ಹಾಗಾಗಿ ಲೆಕ್ಕದ ಮೇಲೆ ಪ್ರಸಂಗ ಕಟ್ಟದಿರುವುದೇ ಕ್ಷೇಮ.

ಹೆಂಗಸರ ಹೆಸರುಗಳು ಇನ್ನೂ ಸ್ವಾರಸ್ಯ. ಸಾರಾ, ರೆಬೆಕ್ಕ ಇಲ್ಲಿಲ್ಲ. ಇರುವವರು ತಾಮಾರ್, ರಾಹಾಬ್, ಮೋವಾಬಿನ ರೂತ್. ನಾಲ್ಕನೆಯವಳ ಹೆಸರನ್ನೇ ಹೇಳದೆ 'ಊರೀಯನ ಹೆಂಡತಿ' ಅನ್ನುತ್ತಾನೆ. ದಾವೀದ ಕೊಲ್ಲಿಸಿದ ಗಂಡನ ಹೆಸರು ದಾವೀದನ ವಂಶಾವಳಿಯಲ್ಲೇ ಕೂತಿದೆ, ನೋಡಿ. ಅಲ್ಲಿ ನಿಂತು ಒಂದು ನಿಮಿಷ ಸುಮ್ಮನಾದರೂ ಸಾಕು, ಕೆಮ್ಮು ನಿಲ್ಲುತ್ತದೆ.

ಕಾಸರಗೋಡಿನವರಿಗೆ ಇನ್ನೊಂದು ದಾರಿಯೂ ಇದೆ. ಇಲ್ಲಿನ ತುಳುವರ ಮನೆಗಳಲ್ಲಿ 'ಯಾವ ಬರಿ?' ಅಂತ ಕೇಳಿದರೆ ತಾಯಿಯ ಕಡೆಯ ಕುಲ ಹೇಳುತ್ತಾರೆ. ಅಳಿಯಸಂತಾನದಲ್ಲಿ ಆಸ್ತಿಯೂ ಹಾಗೇ ಇಳಿಯುತ್ತಿತ್ತು. ಮತ್ತಾಯನದು ಅಪ್ಪಂದಿರ ಪಟ್ಟಿ. ಆದರೂ ಯೋಸೇಫನ ಹತ್ತಿರ ಬಂದಾಗ 'ಪಡೆದನು' ನಿಂತುಹೋಗುತ್ತದೆ. ಅವನು 'ಮರಿಯಳ ಗಂಡ' ಅಷ್ಟೇ; ಯೇಸು ಹುಟ್ಟಿದ್ದು ಅವಳಲ್ಲಿ.